ಅಡಿಕೆ ಬೆಳೆಗಾರರ ಸಹಕಾರ ಸಂಘದ ಬಜೆಟ್: ವರ್ಷದ ಲೆಕ್ಕದಲ್ಲಿ ಉಳಿತಾಯ, ಆಗಸ್ಟ್‌ನಲ್ಲಿ ಹಣವಿಲ್ಲ

ಕಾರ್ಯದರ್ಶಿ, ಕಾರ್ಕಳ

ಕಾರ್ಕಳ ಮತ್ತು ಹೆಬ್ರಿ ತಾಲ್ಲೂಕುಗಳ 320 ಸದಸ್ಯರಿರುವ ನಮ್ಮ ಉತ್ಪಾದಕರ ಸಹಕಾರ ಸಂಘದ ಮುಂದಿನ ವರ್ಷದ ಬಜೆಟ್ಟನ್ನು ಆಡಳಿತ ಮಂಡಳಿಯ ಮುಂದೆ ಇಡಬೇಕಾಗಿದೆ. ಸದಸ್ಯರಲ್ಲಿ ಹೆಚ್ಚಿನವರು ಒಂದೆರಡು ಎಕರೆ ಅಡಿಕೆ ತೋಟ ಇರುವವರು. ಮಳೆಗಾಲಕ್ಕೆ ಮುಂಚೆ ಕೊಳೆರೋಗದ ಸಿಂಪರಣೆಗೆ ಮೈಲುತುತ್ತು ಮತ್ತು ಸುಣ್ಣ, ಆಗಸ್ಟ್‌ನಲ್ಲಿ ಗೊಬ್ಬರ, ಹೀಗೆ ವರ್ಷಕ್ಕೆ ಸುಮಾರು 14 ಲಕ್ಷ ರೂಪಾಯಿಯ ಸಾಮಗ್ರಿಯನ್ನು ಸಂಘವೇ ಒಟ್ಟಾಗಿ ಖರೀದಿಸಿ, ಶೇ 6 ಸೇರಿಸಿ ಸದಸ್ಯರಿಗೆ ಕೊಡುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಸದಸ್ಯರ ಚಾಲಿ ಅಡಿಕೆಯನ್ನು, ಅಂದರೆ ಒಣಗಿಸಿ ಸುಲಿದ ಅಡಿಕೆಯನ್ನು, ಸಂಗ್ರಹಿಸಿ ಮಂಗಳೂರಿಗೆ ಕಳುಹಿಸುತ್ತೇವೆ. ಖರೀದಿದಾರರ ಹಣ ಬಂದ ಬಳಿಕವೇ ಸದಸ್ಯರಿಗೆ ಪಾವತಿಸುತ್ತೇವೆ. ಇದರಲ್ಲಿ ಕೆ.ಜಿ.ಗೆ 8 ರೂಪಾಯಿ ಸಂಘಕ್ಕೆ ಉಳಿಯುತ್ತದೆ, ಮುಂದಿನ ವರ್ಷಕ್ಕೆ 30 ಟನ್ ಅಂದಾಜು ಮಾಡಿದ್ದೇನೆ.

ಆದಾಯದ ಬದಿಯಲ್ಲಿ ಸಾಮಗ್ರಿಯಿಂದ 84,000, ಅಡಿಕೆಯಿಂದ 2,40,000, ಒಟ್ಟು 3,24,000 ರೂಪಾಯಿ. ಖರ್ಚಿನ ಬದಿಯಲ್ಲಿ ಗೋದಾಮಿನ ಬಾಡಿಗೆ 72,000, ಸಾಗಾಟ ಕೆ.ಜಿ.ಗೆ 2 ರೂಪಾಯಿಯಂತೆ 60,000, ವಿದ್ಯುತ್, ದೂರವಾಣಿ, ಲೆಕ್ಕಪರಿಶೋಧನೆ ಇತ್ಯಾದಿ 48,000. ಸಿಬ್ಬಂದಿಯ ಸಂಬಳವನ್ನು ಸದ್ಯಕ್ಕೆ ಸರ್ಕಾರದ ಯೋಜನೆಯ ಅನುದಾನ ಭರಿಸುತ್ತಿದೆ. ಹೀಗಾಗಿ 1,44,000 ರೂಪಾಯಿ ಉಳಿಯುತ್ತದೆ. ಆದರೆ ಬ್ಯಾಂಕಿನವರು ಈ ಹಾಳೆಯನ್ನು ನೋಡಿ, ತಿಂಗಳುವಾರು ನಗದು ಪಟ್ಟಿ ಕೊಟ್ಟರೆ ಮಾತ್ರ ನಗದು ಸಾಲದ ಮಿತಿಯನ್ನು ಪರಿಶೀಲಿಸುವುದಾಗಿ ಹೇಳಿದ್ದಾರೆ. ಇದಲ್ಲದೆ, ಫೆಬ್ರವರಿಯಲ್ಲಿ ಐದು ಟನ್ ಅಡಿಕೆಯನ್ನು ಸಂಘದ ಹೆಸರಿನಲ್ಲೇ ಕೊಂಡು ದಾಸ್ತಾನು ಇಟ್ಟು ಸೆಪ್ಟೆಂಬರ್‌ನಲ್ಲಿ ಮಾರಬೇಕೆಂದು ಇಬ್ಬರು ನಿರ್ದೇಶಕರು ಒತ್ತಾಯಿಸುತ್ತಿದ್ದಾರೆ. ಈ ಎರಡನ್ನೂ ಬಜೆಟ್‌ನಲ್ಲಿ ಹೇಗೆ ತೋರಿಸಬೇಕೆಂದು ತಿಳಿದವರು ತಿಳಿಸಬೇಕಾಗಿ ವಿನಂತಿ.

ಮಟ್ಟು ಗುಳ್ಳ ಬೆಳೆಗಾರ್ತಿ

ನಮ್ಮ ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವವರ ಲೆಕ್ಕ ಇಷ್ಟು ಕಷ್ಟದ್ದಲ್ಲ. ಕೊಯ್ಲು ಆರಂಭವಾದ ಮೇಲೆ ವಾರಕ್ಕೆ ಎರಡು ಮೂರು ಸಲ ಕಾಯಿ ಕೊಡುತ್ತೇವೆ, ವಾರದ ಕೊನೆಗೆ ಹಣ ಕೈಗೆ ಬರುತ್ತದೆ. ನೀವೂ ಪ್ರತಿ ವಾರ ಅಡಿಕೆ ಮಾರಿದರೆ ತಿಂಗಳುವಾರು ಪಟ್ಟಿಯ ಅಗತ್ಯವೇ ಬರುವುದಿಲ್ಲ. ನಮಗೆ ತೊಂದರೆಯಿರುವುದು ಸಾಗಾಟದಲ್ಲಿ. ಗುಳ್ಳ ಎರಡು ದಿನ ಕುಳಿತರೆ ಬಾಡುತ್ತದೆ, ಹಾಗಾಗಿ ಅರ್ಧ ತುಂಬಿದ ಗಾಡಿಯನ್ನೂ ಕಳುಹಿಸಬೇಕಾಗುತ್ತದೆ. ಗೊಬ್ಬರವನ್ನು ಸಾಲಕ್ಕೆ ಪಡೆದವರ ಪ್ರತಿ ಬಿಲ್ಲಿನಿಂದ ಸ್ವಲ್ಪ ಸ್ವಲ್ಪ ಕಡಿತ ಮಾಡುವ ಕ್ರಮ ನಮ್ಮಲ್ಲಿದೆ.

ನಿವೃತ್ತ ಲೆಕ್ಕಪರಿಶೋಧಕ, ಉಡುಪಿ

ಅಮ್ಮ, ನಿಮ್ಮ ಬೆಳೆಗೂ ಅಡಿಕೆಗೂ ಇರುವ ವ್ಯತ್ಯಾಸವೇ ಈ ಪ್ರಶ್ನೆಯ ಮೂಲ. ಗುಳ್ಳದಲ್ಲಿ ಖರ್ಚಿಗೂ ಆದಾಯಕ್ಕೂ ನಡುವೆ ಎರಡು ಮೂರು ತಿಂಗಳ ಅಂತರವಿದ್ದರೆ, ಮೇ ತಿಂಗಳಲ್ಲಿ ಕೊಟ್ಟ ಮೈಲುತುತ್ತಿನ ಹಣ ಅಡಿಕೆ ಕೊಯ್ದು, ಅಂಗಳದಲ್ಲಿ ನಲವತ್ತು ದಿನಕ್ಕೂ ಮಿಕ್ಕಿ ಒಣಗಿ, ಸುಲಿದು, ಮಾರಾಟವಾದ ಮೇಲಷ್ಟೇ ಹಿಂದಿರುಗುತ್ತದೆ. ಕಡಿತದ ಕ್ರಮದ ಬಗ್ಗೆ ನೀವು ಹೇಳಿದ್ದು ಉಪಯುಕ್ತವಾದದ್ದು, ಅದರ ಕುರಿತು ಮುಂದೆ ಬರೆಯುತ್ತೇನೆ.

ಕಾರ್ಯದರ್ಶಿಯವರೇ, ನೀವು ತಯಾರಿಸಿದ್ದು ಲಾಭ-ನಷ್ಟದ ಅಂದಾಜು. ಬ್ಯಾಂಕಿನವರು ಕೇಳುತ್ತಿರುವುದು, ಪ್ರತಿ ತಿಂಗಳ ಕೊನೆಯ ದಿನ ನಿಮ್ಮ ಖಾತೆಯಲ್ಲಿ ಎಷ್ಟಿರುತ್ತದೆ ಎಂಬುದನ್ನು. ಅದನ್ನು ಬರೆಯಲು ಮೂರು ವಿಷಯಗಳು ಬೇಕು: ಏಪ್ರಿಲ್ 1ರಂದು ಕೈಯಲ್ಲಿರುವ ಹಣ, ಮೈಲುತುತ್ತು ಪೂರೈಸುವವರು ಎಷ್ಟು ದಿನದ ಸಾಲ ಕೊಡುತ್ತಾರೆಂಬುದು, ಮತ್ತು ನಿಮ್ಮ ಸದಸ್ಯರು ವಾಸ್ತವವಾಗಿ ಯಾವಾಗ ಹಣ ಕಟ್ಟುತ್ತಾರೆಂಬುದು. ಮೂರನೆಯದಕ್ಕೆ ಕಳೆದ ವರ್ಷದ ರಸೀದಿ ಪುಸ್ತಕವನ್ನು ನೋಡಿಯೇ ಉತ್ತರಿಸಿ. ಉಪವಿಧಿಯಲ್ಲಿ ಬರೆದಿರುವ ಗಡುವನ್ನು ನೋಡಿ ಉತ್ತರಿಸಬೇಡಿ.

ಕಾರ್ಯದರ್ಶಿ, ಕಾರ್ಕಳ

ಕೈಯಲ್ಲಿ 5 ಲಕ್ಷ ಇರುತ್ತದೆ. ಮೂರು ಟನ್ ಮೈಲುತುತ್ತಿಗೆ ಕೆ.ಜಿ.ಗೆ 300 ರೂಪಾಯಿಯ ಅಂದಾಜಿನಲ್ಲಿ 9 ಲಕ್ಷ, ಸುಣ್ಣ ಮತ್ತು ಅಂಟಿಗೆ 60,000 ರೂಪಾಯಿ. ಇದೆಲ್ಲವನ್ನೂ ಏಪ್ರಿಲ್‌ನಲ್ಲೇ ಮುಂಗಡವಾಗಿ ಕೊಡಬೇಕು. ಮೇ ಕೊನೆಗೆ ಕಾದರೆ ಬೆಲೆ ಏರುತ್ತದೆ, ಸರಕೂ ಸಿಗುವುದಿಲ್ಲ. ಆಗಸ್ಟ್‌ನಲ್ಲಿ ಗೊಬ್ಬರಕ್ಕೆ 4,40,000. ರಸೀದಿ ಪುಸ್ತಕದ ಪ್ರಕಾರ, ಸುಮಾರು ಶೇ 30ರಷ್ಟು ಮಾತ್ರ ತಕ್ಷಣಕ್ಕೆ ಬಂದಿದೆ. ಉಳಿದದ್ದು ಅಡಿಕೆ ಮಾರಿದ ಮೇಲೆ.

ನಿವೃತ್ತ ಲೆಕ್ಕಪರಿಶೋಧಕ, ಉಡುಪಿ

ಹಾಗಿದ್ದರೆ ತಿಂಗಳು ತಿಂಗಳಾಗಿ ನಡೆದು ನೋಡೋಣ. ಬಾಡಿಗೆ ಮತ್ತು ಇತರ ಕಚೇರಿ ಖರ್ಚಿಗೆ ತಿಂಗಳಿಗೆ 10,000 ಹಿಡಿಯುತ್ತೇನೆ. ಏಪ್ರಿಲ್ ಕೊನೆಗೆ 5 ಲಕ್ಷದಿಂದ 9,70,000 ಹೊರಹೋಗಿ 4,70,000 ರೂಪಾಯಿ ಕೊರತೆ. ಮೇ ತಿಂಗಳಲ್ಲಿ ಎರಡು ಲಕ್ಷ, ಜೂನ್‌ನಲ್ಲಿ ಒಂದು ಲಕ್ಷ ನಗದು ಬಂದರೆ ಜೂನ್ ಕೊನೆಗೆ ಕೊರತೆ 1,90,000ಕ್ಕೆ ಇಳಿಯುತ್ತದೆ, ಜುಲೈ ಕೊನೆಗೆ ಎರಡು ಲಕ್ಷ. ಕಷ್ಟ ಮುಗಿಯಿತೆಂದು ನಿರ್ದೇಶಕರು ಭಾವಿಸುವ ಹೊತ್ತಿಗೆ ಗೊಬ್ಬರದ ಖರೀದಿ ಬರುತ್ತದೆ, ಆಗಸ್ಟ್ ಕೊನೆಗೆ ಕೊರತೆ 6,50,000. ಸೆಪ್ಟೆಂಬರ್‌ನಲ್ಲಿ ಗೊಬ್ಬರದ ನಗದು 1,30,000 ಬಂದು 5,30,000ಕ್ಕೆ ಇಳಿದು, ಅಲ್ಲಿಂದ ಡಿಸೆಂಬರ್ ಕೊನೆಯವರೆಗೆ ತಿಂಗಳಿಗೆ ಹತ್ತು ಸಾವಿರದಂತೆ ಬೆಳೆದು 5,60,000 ತಲುಪುತ್ತದೆ.

ಅಂದರೆ ಎಲ್ಲರೂ ಏಪ್ರಿಲ್ ತಿಂಗಳ ಬಗ್ಗೆ ಹೆದರಿದರೂ ನಿಜವಾದ ಆಳ ಇರುವುದು ಆಗಸ್ಟ್‌ನಲ್ಲಿ. ಶೇ 12ರ ಬಡ್ಡಿಯಲ್ಲಿ, ಅಂದರೆ ತಿಂಗಳಿಗೆ ಶೇ 1ರಂತೆ, ಈ ಒಂಬತ್ತು ತಿಂಗಳ ಕೊರತೆಗಳಿಗೆ ಬಡ್ಡಿ ಹಾಕಿದರೆ ಸುಮಾರು 40,000 ರೂಪಾಯಿ ಆಗುತ್ತದೆ. ಸಾಮಗ್ರಿ ವ್ಯಾಪಾರದಿಂದ ನಿಮಗೆ ಸಿಗುವುದು 84,000. ಒಬ್ಬ ಸದಸ್ಯನೂ ಬಾಕಿ ಉಳಿಸಿಕೊಳ್ಳದಿದ್ದರೂ ಅದರ ಅರ್ಧದಷ್ಟು ಬಡ್ಡಿಗೆ ಹೋಗುತ್ತದೆ, ಮತ್ತು ಈ ಸಾಲು ನಿಮ್ಮ ಬಜೆಟ್‌ನಲ್ಲಿಯೇ ಇಲ್ಲ.

ಬ್ಯಾಂಕ್ ಉದ್ಯೋಗಿ, ಮಂಗಳೂರು

ಇದಕ್ಕೆ ಒಂದು ಮಾತು ಸೇರಿಸಬೇಕು. ಏಳು ಲಕ್ಷದ ಮಿತಿ ಮಂಜೂರಾದ ಮಾತ್ರಕ್ಕೆ ಆಗಸ್ಟ್‌ನಲ್ಲಿ ಏಳು ಲಕ್ಷ ತೆಗೆಯಲು ಬರುತ್ತದೆ ಎಂದು ತಿಳಿಯಬಾರದು. ಪ್ರತಿ ತಿಂಗಳೂ ನೀವು ಕೊಡುವ ದಾಸ್ತಾನು ಪಟ್ಟಿ ಮತ್ತು ಬರಬೇಕಾದ ಬಾಕಿಗಳ ಪಟ್ಟಿಯ ಆಧಾರದಲ್ಲಿ, ಸಾಮಾನ್ಯವಾಗಿ ಕಾಲುಭಾಗವನ್ನು ನಿಮ್ಮ ಪಾಲೆಂದು ಕಳೆದು, ಉಳಿದಷ್ಟಕ್ಕೆ ಮಾತ್ರ ಹಣ ತೆಗೆಯಲು ಅವಕಾಶವಿರುತ್ತದೆ. ಗೋದಾಮಿನಲ್ಲಿ ಮೈಲುತುತ್ತು ಇರುವವರೆಗೆ ಅದು ದಾಸ್ತಾನು. ಸದಸ್ಯರಿಗೆ ಕೊಟ್ಟ ಮೇಲೆ ಅದು ಬಾಕಿ. 90 ದಿನ ದಾಟಿದ ಬಾಕಿಯನ್ನು ಹೆಚ್ಚಿನ ಬ್ಯಾಂಕುಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ಕೊಟ್ಟ ಸಾಲ ಆಗಸ್ಟ್‌ಗೆ ಸರಿಯಾಗಿ ಆ ಗೆರೆಯನ್ನು ದಾಟುತ್ತದೆ. ಹಾಗಾಗಿ ಹಣ ಅತ್ಯಂತ ಅಗತ್ಯವಿರುವ ತಿಂಗಳಲ್ಲೇ ತೆಗೆಯಬಹುದಾದ ಮೊತ್ತ ಕುಗ್ಗುತ್ತದೆ. ಅರ್ಜಿಯ ಜೊತೆಗೆ ಅಡಿಕೆಯ ಹಂಗಾಮಿನ ವಿವರ ಬರೆದು, ಬಾಕಿಯ ಅವಧಿಯನ್ನು ವಿಸ್ತರಿಸಿ ಮಂಜೂರು ಮಾಡುವಂತೆ ಮೊದಲೇ ಕೇಳಿಕೊಳ್ಳಬೇಕು. ಸಿಗುತ್ತದೆಯೆಂದು ನಾನು ಭರವಸೆ ಕೊಡಲಾರೆ.

ಪುತ್ತೂರಿನ ತೋಟದವರು

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಬದಲು ನಿರ್ದೇಶಕರ ಮಾತಿನಂತೆ ಅಡಿಕೆ ದಾಸ್ತಾನು ಮಾಡುವುದೇ ಮೇಲು ಎಂದು ನನ್ನ ಅಭಿಪ್ರಾಯ. ಹೊಸ ಅಡಿಕೆಗಿಂತ ಹಳೆ ಅಡಿಕೆಗೆ ಯಾವಾಗಲೂ ಹೆಚ್ಚು ಧಾರಣೆ ಇರುತ್ತದೆ. ಮಳೆಗಾಲದಲ್ಲಿ ಆವಕ ಕಡಿಮೆಯಾಗಿ ಬೆಲೆ ಏರುತ್ತದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಅಟ್ಟದಲ್ಲಿ ಅಡಿಕೆ ಇಟ್ಟೇ ಮಾರಿದ್ದು, ಕೈಸುಟ್ಟುಕೊಂಡದ್ದು ಬಹಳ ಕಡಿಮೆ. ಸಂಘಕ್ಕೆ ಕೆ.ಜಿ.ಗೆ 8 ರೂಪಾಯಿಯ ಬದಲು 40 ರೂಪಾಯಿ ಸಿಕ್ಕರೆ ಬಡ್ಡಿಯ ಪ್ರಶ್ನೆಯೇ ಮುಗಿಯುತ್ತದೆ.

ನಿವೃತ್ತ ಲೆಕ್ಕಪರಿಶೋಧಕ, ಉಡುಪಿ

ಹಳೆ ಅಡಿಕೆಗೆ ಹೆಚ್ಚು ಧಾರಣೆ ಇರುವುದು ಸಾಮಾನ್ಯವಾಗಿ ನಿಜ, ಆದರೆ ನಿಮ್ಮ ಅಟ್ಟದಲ್ಲಿದ್ದದ್ದು ನಿಮ್ಮದೇ ಅಡಿಕೆ, ಅದಕ್ಕೆ ಯಾರೂ ತಿಂಗಳ ಬಡ್ಡಿ ಕೇಳಲಿಲ್ಲ. ಸಿಪ್ಪೆಯೊಡನೆ ಇಟ್ಟಿದ್ದರೆ ಹಾಳಾಗುವ ಭಯವೂ ಕಡಿಮೆ. ಸಂಘ ಕೊಳ್ಳುವುದು ಸುಲಿದ ಚಾಲಿಯನ್ನು, ಅದೂ ಸಾಲದ ಹಣದಲ್ಲಿ. ಇನ್ನೊಂದು ವಿಷಯವೆಂದರೆ, ಈ ವರ್ಷದ ಅಡಿಕೆ ಹಳೆಯದೆನಿಸಿಕೊಳ್ಳುವುದು ಮುಂದಿನ ಹಂಗಾಮಿನ ಹೊಸ ಅಡಿಕೆ ಮಾರುಕಟ್ಟೆಗೆ ಬಂದ ಮೇಲೆ. ಸೆಪ್ಟೆಂಬರ್‌ನಲ್ಲಿ ಮಾರಿದರೆ ಅದು ಆಗಲೂ ಹೊಸ ಅಡಿಕೆಯೇ.

ಐದು ಟನ್ನಿಗೆ ಕೆ.ಜಿ.ಗೆ 400 ರೂಪಾಯಿಯಂತೆ 20 ಲಕ್ಷ ಬೇಕು. ಏಳು ತಿಂಗಳ ಬಡ್ಡಿ ಕೆ.ಜಿ.ಗೆ 28 ರೂಪಾಯಿ. ಇನ್ನೂ ಆರಿ ತೂಕ ಇಳಿಯುವುದಕ್ಕೆ ಶೇ 2 ಹಿಡಿದರೆ 8 ರೂಪಾಯಿ. ಗೋದಾಮಿನ ಪಾಲು 4 ರೂಪಾಯಿ. ಗೋಣಿ, ಎತ್ತಿ ಇಳಿಸುವುದು, ಮತ್ತೆ ಆರಿಸುವುದು ಸೇರಿ 3 ರೂಪಾಯಿ. ಕರಾವಳಿಯ ಜೂನ್, ಜುಲೈ ತೇವದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಬೂಸ್ಟು ಹಿಡಿದೋ ಹುಳ ಹೊಡೆದೋ ಕೆಳದರ್ಜೆಗೆ ಇಳಿದು ಕೆ.ಜಿ.ಗೆ ನೂರು ರೂಪಾಯಿ ಕಡಿಮೆಗೆ ಹೋದರೆ, ಒಟ್ಟು ರಾಶಿಯ ಮೇಲೆ ಅದು ಮತ್ತೆ 5 ರೂಪಾಯಿ. ಒಟ್ಟು 48 ರೂಪಾಯಿ. ಅಂದರೆ ಧಾರಣೆ 448 ಮುಟ್ಟಿದಾಗ ಸಂಘಕ್ಕೆ ಉಳಿಯುವುದು ಸೊನ್ನೆ. 40 ರೂಪಾಯಿ ಏರಿದಾಗ ನೀವು ಲಾಭವೆನ್ನುತ್ತೀರಿ, ನನ್ನ ಪುಸ್ತಕದಲ್ಲಿ ಅದು 40,000 ರೂಪಾಯಿ ನಷ್ಟ.

ಏರುವ ಬದಲು ಇಳಿದರೆ ಏನಾಗುತ್ತದೆ ಎಂಬುದನ್ನೂ ಮಂಡಳಿಯ ಮುಂದೆ ಇಡಿ. 2023ರಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ನೆನಪಿದೆಯಲ್ಲ. ಇಂತಹ ಒಂದು ಆದೇಶ ಎತ್ತ ಬದಲಾದರೂ ಧಾರಣೆ ಅಲುಗುತ್ತದೆ. ಐದು ಲಕ್ಷ ಬಂಡವಾಳವಿರುವ ಸಂಘ ಇಪ್ಪತ್ತು ಲಕ್ಷದ ಸರಕಿನ ಮೇಲೆ ಶೇ 15 ಕಳೆದುಕೊಂಡು, ಅದರ ಮೇಲೆ ಈ 48 ರೂಪಾಯಿಯ ಖರ್ಚನ್ನೂ ಹೊತ್ತರೆ ಬಂಡವಾಳವೆಲ್ಲ ಹೋಗಿ ಇನ್ನೂ ನಲವತ್ತು ಸಾವಿರ ಕೈಯಿಂದ ಹಾಕಬೇಕು. ದಾಸ್ತಾನು ಮಾಡಬೇಕೆಂದಿದ್ದರೆ ಸದಸ್ಯರ ಅಡಿಕೆಯನ್ನು ಸದಸ್ಯರ ಹೆಸರಿನಲ್ಲೇ ಇರಿಸಿಕೊಳ್ಳಿ, ಗೋಣಿಗೆ ಇಷ್ಟೆಂದು ತಿಂಗಳ ಬಾಡಿಗೆ ಪಡೆಯಿರಿ, ಮಾರುವ ದಿನವನ್ನು ಅವರೇ ನಿರ್ಧರಿಸಲಿ.

ಪುತ್ತೂರಿನ ತೋಟದವರು

ಬಡ್ಡಿಯ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಸದಸ್ಯರ ಹೆಸರಿನಲ್ಲಿ ಇಟ್ಟರೆ ತೂಕದ ಇಳಿಕೆ ಯಾರ ತಲೆಗೆ? ಜಗಳ ಆರಂಭವಾಗುವುದು ಅಲ್ಲಿಂದಲೇ.

ನಿವೃತ್ತ ಲೆಕ್ಕಪರಿಶೋಧಕ, ಉಡುಪಿ

ಒಳಗೆ ಬರುವಾಗ ತೇವಾಂಶ ಅಳೆದು ರಸೀದಿಯಲ್ಲಿ ಬರೆದುಕೊಂಡರೆ ಜಗಳ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುತ್ತದೆ ಎಂದು ನಾನೂ ಹೇಳುವುದಿಲ್ಲ. ಹಾಗೆಯೇ, ಮೈಲುತುತ್ತು ಮತ್ತು ಅಡಿಕೆಯನ್ನು ಒಂದೇ ಕೋಣೆಯಲ್ಲಿ ಇಡಬೇಡಿ. ಬಾಡಿಗೆ ಉಳಿಸಲು ಹೋಗಿ ಹಾಗೆ ಮಾಡಿದ ಗೋದಾಮುಗಳನ್ನು ಪರಿಶೋಧನೆಯ ವೇಳೆ ನೋಡಿದ್ದೇನೆ.

ಪಿಕಪ್ ಮಾಲೀಕ, ಬೈಲೂರು

ಸಾಗಾಟದ ಸಾಲಿನಲ್ಲಿ ಕೆ.ಜಿ.ಗೆ 2 ರೂಪಾಯಿ ಎಂದು ಬರೆದಿರುವುದನ್ನು ಓದಿದೆ. ಕಾರ್ಕಳದಿಂದ ಮಂಗಳೂರಿಗೆ ಸುಮಾರು ಐವತ್ತು ಕಿಲೋಮೀಟರ್. ಹೋಗಿ ಬರುವುದು, ಹೇರುವ ಇಳಿಸುವ ಕೂಲಿ, ಕಾಯುವ ಸಮಯ ಎಲ್ಲ ಸೇರಿ ನಾನು 3,500 ರೂಪಾಯಿ ಪಡೆಯುತ್ತೇನೆ. ಒಂದೂವರೆ ಟನ್ ಪೂರ್ತಿ ಹೇರಿದರೆ ಕೆ.ಜಿ.ಗೆ 2 ರೂಪಾಯಿ 33 ಪೈಸೆ ಬೀಳುತ್ತದೆ. ಆದರೆ ಧಾರಣೆ ಇಳಿಯಬಹುದೆಂಬ ಗಾಬರಿಯಲ್ಲಿ ಹತ್ತು ಹನ್ನೆರಡು ಗೋಣಿ, ಅಂದರೆ ಆರು ಕ್ವಿಂಟಲ್ ಹೇರಿ ಕಳುಹಿಸುವ ಸಂಘಗಳೂ ಇವೆ. ಆಗ ಕೆ.ಜಿ.ಗೆ 5 ರೂಪಾಯಿ 83 ಪೈಸೆ ಆಗುತ್ತದೆ. ನಿಮಗೆ ಸಿಗುವ 8 ರೂಪಾಯಿಯಲ್ಲಿ ಉಳಿದದ್ದೆಷ್ಟೆಂದು ನೀವೇ ನೋಡಿ.

ಇದಕ್ಕಿಂತ ಮುಖ್ಯವಾದದ್ದು, ಮನೆಯಿಂದ ಗೋದಾಮಿನವರೆಗಿನ ಖರ್ಚು. ನಮ್ಮ ಕಡೆ ತೋಟದ ಮನೆಗಳಿಗೆ ಹೋಗುವ ಕಚ್ಚಾ ರಸ್ತೆಗಳಲ್ಲಿ ಪಿಕಪ್ ಪೂರ್ತಿ ಹೇರಿ ತಿರುಗಿಸಲು ಆಗುವುದಿಲ್ಲ. ಮೂರು ನಾಲ್ಕು ಮನೆ ಸುತ್ತಿ ಗೋದಾಮಿಗೆ ತರುವುದಕ್ಕೆ ಕೆ.ಜಿ.ಗೆ ಕನಿಷ್ಠ ಒಂದೂವರೆ ರೂಪಾಯಿ ಬೀಳುತ್ತದೆ. ಇದು ನಿಮ್ಮ ಬಜೆಟ್‌ನಲ್ಲಿ ಎಲ್ಲಿಯೂ ಕಾಣಲಿಲ್ಲ.

ಕಾರ್ಯದರ್ಶಿ, ಕಾರ್ಕಳ

ಪಿಕಪ್ ಮಾಲೀಕರು ಹೇಳಿದಂತೆ ಎರಡನ್ನೂ ಸೇರಿಸಿ ನೋಡಿದೆ. ಪ್ರತಿ ಸಲವೂ ಪೂರ್ತಿ ಹೇರಿದರೂ ಕೆ.ಜಿ.ಗೆ 3 ರೂಪಾಯಿ 83 ಪೈಸೆ, 30 ಟನ್ನಿಗೆ ಸುಮಾರು 1,15,000 ಆಗುತ್ತದೆ; 60,000 ಎಂದು ಬರೆದದ್ದಕ್ಕಿಂತ 55,000 ಹೆಚ್ಚು. ಬಡ್ಡಿಯ 40,000ವನ್ನೂ ಕಳೆದರೆ 1,44,000ದಲ್ಲಿ ಉಳಿಯುವುದು 49,000. ತಿಂಗಳಿಗೆ ಎರಡು ಸಂಗ್ರಹದ ದಿನಗಳನ್ನು ನಿಗದಿ ಮಾಡಿ, ಒಂದೂವರೆ ಟನ್ ಆಗದೆ ಗಾಡಿ ಹೊರಡಬಾರದೆಂದು ನಿರ್ಣಯ ಮಾಡುವ ಯೋಚನೆಯಿದೆ. ಮನೆಯಿಂದ ತರುವ ಖರ್ಚನ್ನು ಸದಸ್ಯರೇ ಭರಿಸಲಿ ಎಂದರೆ ಖಾಸಗಿ ವ್ಯಾಪಾರಿ ಅಂಗಳಕ್ಕೇ ಬಂದು ತೂಗುತ್ತಾನೆ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇನ್ನು ಸದಸ್ಯರ ಸಾಲದ ಪ್ರಶ್ನೆ. ಮಟ್ಟುವಿನವರು ಹೇಳಿದಂತೆ ಅಡಿಕೆಯ ಬಿಲ್ಲಿನಿಂದ ಕಡಿತ ಮಾಡುವ ಕ್ರಮ ನಮ್ಮಲ್ಲೂ ಇದೆ, ಆದರೂ ಪೂರ್ತಿ ವಸೂಲಾಗುತ್ತಿಲ್ಲ.

ನಿವೃತ್ತ ಲೆಕ್ಕಪರಿಶೋಧಕ, ಉಡುಪಿ

ಆಗದಿರಲು ಕಾರಣವಿದೆ. ಸಂಘಕ್ಕೆ ಅಡಿಕೆ ತಂದರೆ ಬಾಕಿ ಕಡಿತವಾಗುತ್ತದೆ, ಹೊರಗೆ ಮಾರಿದರೆ ಪೂರ್ತಿ ಹಣ ಕೈಗೆ ಬರುತ್ತದೆ. ಹಾಗಾಗಿ ಬಾಕಿ ಇರುವ ಸದಸ್ಯನೇ ಮೊದಲು ಹೊರಗೆ ಹೋಗುತ್ತಾನೆ. ಗುಳ್ಳದವರಲ್ಲಿ ಕಡಿತ ಸಣ್ಣದು, ಹತ್ತಾರು ಬಿಲ್ಲುಗಳಲ್ಲಿ ಹಂಚಿಹೋಗುತ್ತದೆ. ಅಡಿಕೆಯಲ್ಲಿ ವರ್ಷಕ್ಕೆ ಒಂದೆರಡು ಬಿಲ್ಲುಗಳಲ್ಲೇ ಎಲ್ಲವೂ ಕಡಿತವಾಗಬೇಕು. ಸಾಲ ಕೊಟ್ಟು ಬಡ್ಡಿ ಕಳೆದುಕೊಳ್ಳುವುದರ ಜೊತೆಗೆ ಅಡಿಕೆಯ ಮೇಲಿನ 8 ರೂಪಾಯಿಯನ್ನೂ ಕಳೆದುಕೊಳ್ಳುತ್ತೀರಿ. ಪರೀಕ್ಷಿಸಬೇಕೆಂದಿದ್ದರೆ ಜನವರಿ ಕೊನೆಗೆ ಮೈಲುತುತ್ತಿನ ಬಾಕಿ ಪುಸ್ತಕವನ್ನೂ ಅಡಿಕೆ ಸಂಗ್ರಹದ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, ಮೊದಲನೆಯದರಲ್ಲಿ ಹೆಸರಿದ್ದು ಎರಡನೆಯದರಲ್ಲಿ ಇಲ್ಲದವರನ್ನು ಗುರುತು ಮಾಡಿ. ಮಾರ್ಚ್‌ವರೆಗೆ ಕಾದರೆ ಅಡಿಕೆಯೂ ಇರುವುದಿಲ್ಲ, ಹಣವೂ ಇರುವುದಿಲ್ಲ.

ನನ್ನ ಸಲಹೆ ಬೇರೆ. ನಿಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ತಮ್ಮ ಊರಿನ ಸೊಸೈಟಿಯಲ್ಲಿ ಬೆಳೆಸಾಲವಿದೆ. ರಾಜ್ಯ ಸರ್ಕಾರ 2023ರಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಮೈಲುತುತ್ತಿಗಾಗಿಯೇ ಇರುವಂತಹ ಹಣ ಸದಸ್ಯನಿಗೆ ಬಡ್ಡಿಯಿಲ್ಲದೆ ಸಿಗುತ್ತಿರುವಾಗ, ಸಂಘ ಶೇ 12ಕ್ಕೆ ತಂದು ಅವನಿಗೆ ಪುಕ್ಕಟೆಯಾಗಿ ಯಾಕೆ ಕೊಡಬೇಕು? ಮಾರ್ಚ್‌ನಲ್ಲಿ ಬೇಡಿಕೆ ಪಟ್ಟಿ ತಯಾರಿಸಿ. ಒಂದು ಶೇಕಡಾ ಬೋರ್ಡೋ ದ್ರಾವಣಕ್ಕೆ ನೂರು ಲೀಟರಿಗೆ ಒಂದು ಕೆ.ಜಿ. ತುತ್ತು, ಮರಕ್ಕೆ ಒಂದು ಲೀಟರ್ ಹಿಡಿದರೆ ಐನೂರು ಮರದ ಎಕರೆಗೆ ಸಲಕ್ಕೆ ಐದು ಕೆ.ಜಿ., ಮಳೆಗೆ ಮುಂಚಿನದ್ದು ಮತ್ತು ನಲವತ್ತು ನಲವತ್ತೈದು ದಿನದ ಬಳಿಕದ್ದು ಸೇರಿ ಹತ್ತು ಕೆ.ಜಿ. ಮೇ ತಿಂಗಳಲ್ಲಿ ನಗದು ಕೊಟ್ಟು ಒಯ್ಯಲಿ. ಆಗ ಏಪ್ರಿಲ್ ಕೊನೆಯ 4,70,000 ಕೊರತೆ ಮೇ ತಿಂಗಳಲ್ಲೇ ತುಂಬುತ್ತದೆ. ಗೊಬ್ಬರಕ್ಕೂ ಇದೇ ಕ್ರಮವಾದರೆ ಆಗಸ್ಟ್‌ನ ಆಳವೇ ಇರುವುದಿಲ್ಲ. ವರ್ಷದ ಬಡ್ಡಿ ಐದು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ.

ಹೆಬ್ರಿಯ ಸದಸ್ಯ

ಲೆಕ್ಕಪರಿಶೋಧಕರು ಹೇಳಿದ್ದು ಕೇಳಲು ಚೆನ್ನಾಗಿದೆ, ಆದರೆ ಬೆಳೆಸಾಲ ಸಿಗುವುದು ಆರ್‌ಟಿಸಿಯಲ್ಲಿ ಹೆಸರಿದ್ದವರಿಗೆ. ನನ್ನ ತೋಟದ ಅರ್ಧ ಭಾಗ ಪಟ್ಟಾ ಜಮೀನಿಗೆ ತಾಗಿದ ಸರ್ಕಾರಿ ಕುಮ್ಕಿ ಜಾಗದಲ್ಲಿದೆ, ಉಳಿದದ್ದು ಇನ್ನೂ ತಂದೆಯವರ ಹೆಸರಿನಲ್ಲಿದ್ದು ಪಾಲಾಗಿಲ್ಲ. ಸಾಲ ಇದ್ದವರಲ್ಲೂ ಹಲವರು ಮಾರ್ಚ್‌ನಲ್ಲಿ ಕೈಸಾಲ ಮಾಡಿ ಕಟ್ಟಿ, ಏಪ್ರಿಲ್‌ನಲ್ಲಿ ಪುನಃ ಪಡೆದು ಆ ಕೈಸಾಲವನ್ನೇ ತೀರಿಸುತ್ತಾರೆ, ಮೈಲುತುತ್ತಿಗೆ ಉಳಿಯುವುದಿಲ್ಲ. ಸಂಘವೂ ನಗದು ಕೇಳಿದರೆ ನಾವು ಒಂದು ಸಲದ ಸಿಂಪರಣೆ ಬಿಡಬೇಕಾಗುತ್ತದೆ. ಜುಲೈಯಲ್ಲಿ ಎಡೆಬಿಡದೆ ಮಳೆ ಬಂದು ಕೊಳೆರೋಗ ಹಿಡಿದರೆ ಸಂಘಕ್ಕೆ ತರಲು ಅಡಿಕೆ ಎಲ್ಲಿರುತ್ತದೆ?

ಬ್ಯಾಂಕ್ ಉದ್ಯೋಗಿ, ಮಂಗಳೂರು

ಇವರ ಮಾತಿನಲ್ಲಿ ಹುರುಳಿದೆ. ಎಲ್ಲರಿಗೂ ಸಾಲ ಅಥವಾ ಯಾರಿಗೂ ಇಲ್ಲ ಎಂದು ಮಾಡುವ ಬದಲು, ಬೆಳೆಸಾಲದ ಅರ್ಹತೆ ಇಲ್ಲದವರಿಗಾಗಿ ಒಂದೂವರೆ ಲಕ್ಷದ ಪ್ರತ್ಯೇಕ ಮಿತಿ ಇಡಬಹುದು. ಅವರಿಂದ ತಿಂಗಳಿಗೆ ಶೇ 1 ಬಡ್ಡಿಯನ್ನೂ ಬಹಿರಂಗವಾಗಿ ಪಡೆಯಬಹುದು. ನಗದು ಕೊಡುವವರಿಗೂ ಸಾಲ ಮಾಡುವವರಿಗೂ ಒಂದೇ ಬೆಲೆಯಿದ್ದರೆ ನಗದು ಇರುವವನೂ ಸಾಲವನ್ನೇ ಕೇಳುತ್ತಾನೆ.

ಹೆಬ್ರಿಯ ಸದಸ್ಯ

ಆರ್‌ಟಿಸಿ ಇಲ್ಲದವನಿಗೆ ಬಡ್ಡಿ, ಇದ್ದವನಿಗೆ ಶೂನ್ಯ. ಇದನ್ನು ಮಹಾಸಭೆಯಲ್ಲಿ ಹೇಗೆ ಹೇಳುತ್ತೀರಿ ಎಂದು ನೋಡುತ್ತೇನೆ.

ನಿವೃತ್ತ ಲೆಕ್ಕಪರಿಶೋಧಕ, ಉಡುಪಿ

ಅದನ್ನು ಮಹಾಸಭೆಯೇ ನಿರ್ಧರಿಸಬೇಕು. ಬಜೆಟ್‌ನಲ್ಲಿ ಎರಡೂ ರೀತಿಯ ಪಟ್ಟಿ ಮಾಡಿ ಮುಂದಿಡುವುದಷ್ಟೇ ಕಾರ್ಯದರ್ಶಿಯವರ ಕೆಲಸ. ಆದರೆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಸಂಬಳ ಕೊಡುತ್ತಿರುವ ಅನುದಾನ ಎಷ್ಟು ದಿನ ಇರುತ್ತದೆ? 2020ರ ಹತ್ತು ಸಾವಿರ ಉತ್ಪಾದಕ ಸಂಸ್ಥೆಗಳ ಯೋಜನೆಯಡಿ ಬಂದದ್ದಾದರೆ, ಅದು ಮೂರು ವರ್ಷಕ್ಕೆ ಗರಿಷ್ಠ 18 ಲಕ್ಷ ರೂಪಾಯಿ.

ಕಾರ್ಯದರ್ಶಿ, ಕಾರ್ಕಳ

ಅದೇ ಯೋಜನೆ. ಈ ಬಜೆಟ್ ವರ್ಷದ ಕೊನೆಯ ಮಾರ್ಚ್‌ಗೆ ಮೂರು ವರ್ಷ ಪೂರ್ತಿಯಾಗುತ್ತದೆ. ಸಂಬಳ ತಿಂಗಳಿಗೆ 18,000, ವರ್ಷಕ್ಕೆ 2,16,000.

ನಿವೃತ್ತ ಲೆಕ್ಕಪರಿಶೋಧಕ, ಉಡುಪಿ

ಹಾಗಾದರೆ ಅದರ ಮುಂದಿನ ವರ್ಷ ನಿಮ್ಮ 49,000 ಉಳಿತಾಯ 1,67,000 ಕೊರತೆಯಾಗುತ್ತದೆ. ಸಾಗಾಟ ಕಳೆದು ಕೆ.ಜಿ.ಗೆ 4 ರೂಪಾಯಿ 17 ಪೈಸೆ ಉಳಿಯುವುದರಿಂದ, ಅದನ್ನು ತುಂಬಲು ಇನ್ನೂ 40 ಟನ್, ಅಂದರೆ ಒಟ್ಟು 70 ಟನ್ ಅಡಿಕೆ ಸಂಘದ ಮೂಲಕ ಹೋಗಬೇಕು. 320 ಸದಸ್ಯರ ತೋಟಗಳಲ್ಲಿ ಅಷ್ಟು ಅಡಿಕೆ ಖಂಡಿತ ಇದೆ. ಈಗ ಅದು ಯಾರ ಗಾಡಿಯಲ್ಲಿ ಹೋಗುತ್ತಿದೆ ಎಂಬುದನ್ನು ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡು, ಎರಡನೆಯ ವರ್ಷದ ಪಟ್ಟಿಯನ್ನೂ ಇದೇ ಬಜೆಟ್‌ಗೆ ಲಗತ್ತಿಸಿ.

ಪಿಕಪ್ ಮಾಲೀಕ, ಬೈಲೂರು

70 ಟನ್ ಖಾತರಿಯಾದರೆ ಬಾಡಿಗೆಯ ಬಗ್ಗೆ ಮಾತನಾಡಬಹುದು. ಮಂಗಳೂರಿನಿಂದ ಖಾಲಿ ಬರುವಾಗ ನಿಮ್ಮ ಗೊಬ್ಬರವೋ ಸುಣ್ಣವೋ ಹೇರಿ ತರುವ ವ್ಯವಸ್ಥೆ ಆದರೆ ಇನ್ನೂ ಕಡಿಮೆ ಮಾಡುತ್ತೇನೆ. ಆದರೆ ನಿಮ್ಮ ಗೊಬ್ಬರ ಆಗಸ್ಟ್‌ನಲ್ಲಿ, ಅಡಿಕೆ ಜನವರಿಯಲ್ಲಿ, ಇದಕ್ಕೇನು ಮಾಡುತ್ತೀರಿ?

ಕಾರ್ಯದರ್ಶಿ, ಕಾರ್ಕಳ

ಸುಣ್ಣವನ್ನು ಮಾರ್ಚ್‌ನಲ್ಲಿ ತರಿಸಿದರೆ ಮೇ ತಿಂಗಳವರೆಗೆ ಗಾಳಿಯ ತೇವಕ್ಕೆ ಅರಳಿ ಶಕ್ತಿ ಕಳೆದುಕೊಳ್ಳುತ್ತದೆ, ಆದುದರಿಂದ ಅದು ಆಗದು. ಮೈಲುತುತ್ತನ್ನು ಮಾರ್ಚ್ ಕೊನೆಯ ಗಾಡಿಯಲ್ಲಿ ತರಬಹುದು; ಆದರೆ ಆಗ 9 ಲಕ್ಷದ ಪಾವತಿಯೂ ಒಂದು ತಿಂಗಳು ಮುಂಚೆಯೇ ಆಗುವುದರಿಂದ, ಕೈಯಲ್ಲಿರುವ 5 ಲಕ್ಷ ಕಳೆದು ಉಳಿದ 4 ಲಕ್ಷದ ಮೇಲಿನ ನಾಲ್ಕು ಸಾವಿರ ಬಡ್ಡಿಗೆ ಎದುರಾಗಿ ಬಾಡಿಗೆಯಲ್ಲಿ ಎಷ್ಟು ಉಳಿಯುತ್ತದೆಂದು ನೋಡಬೇಕು. ನಿಮ್ಮ ದರವನ್ನು ಬರೆದು ತಿಳಿಸಿದರೆ ಎರಡನ್ನೂ ಪಟ್ಟಿಯಲ್ಲಿ ಸೇರಿಸಿ ಮಂಡಳಿಯ ಸಭೆಗೆ ಒಯ್ಯುತ್ತೇನೆ.